ಅರವತ್ತು-ನಲವತ್ತರಿಂದ ಬಿಡುಗಡೆ: ನಮ್ಮ ಮನೆಯ ಕಾಫಿಪುಡಿ ಹದಕ್ಕೆ ಬಂದ ಬಗೆ

ನಮ್ಮ ಮನೆಯಲ್ಲಿ ನಾಲ್ವರು. ಅತ್ತೆ, ಮಾವ, ಯಜಮಾನರು ಮತ್ತು ನಾನು. ಬೆಳಗ್ಗೆ ನಾಲ್ಕು ಲೋಟ, ಸಂಜೆ ನಾಲ್ಕು ಲೋಟ ಕಾಫಿ. ಮೈಸೂರಿನ ಈ ಮನೆಗೆ ನಾನು ಬಂದಾಗಿನಿಂದಲೂ ಅರವತ್ತು ಪಾಲು ಕಾಫಿ, ನಲವತ್ತು ಪಾಲು ಚಿಕೋರಿ ಬೆರೆಸಿದ ಪುಡಿಯೇ ನಡೆಯುತ್ತಿತ್ತು. ಅದನ್ನು ಬದಲಿಸುತ್ತೇನೆ ಎಂದಾಗ ಅತ್ತೆ, ‘ಚಿಕೋರಿ ಕಡಿಮೆ ಮಾಡಿದರೆ ಕಾಫಿಗೆ ಮೈಯೇ ಇರುವುದಿಲ್ಲ, ನೋಡುತ್ತಿರು’ ಎಂದಿದ್ದರು. ಖರ್ಚು ಎರಡರಷ್ಟಾಗುತ್ತದೆ ಎಂದರು ಯಜಮಾನರು. ಎರಡೂ ಸುಳ್ಳಾಯಿತು. ಆದರೆ ಸುಳ್ಳಾಗಿಸಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲವೂ ಎರಡು ಸಾವಿರ ರೂಪಾಯಿಯಷ್ಟು ದಂಡವೂ ಬೇಕಾದವು.

ಶುರುವಾದದ್ದು ಒಂದು ಕಿಲೋ ಪೊಟ್ಟಣದಿಂದ. ರಿಯಾಯಿತಿಯಲ್ಲಿ ₹ 620ಕ್ಕೆ ಸಿಕ್ಕಿತೆಂದು ತಂದಿದ್ದೆ. ಮೊದಲ ನಾಲ್ಕೈದು ದಿನ ಚೆನ್ನಾಗಿತ್ತು. ಹತ್ತನೆಯ ದಿನದ ಹೊತ್ತಿಗೆ ಬಣ್ಣ ಮಾತ್ರ ಉಳಿದು, ವಾಸನೆ ಹೋಯಿತು. ನಾನು ಪುಡಿ ಹೆಚ್ಚಿಸಿದೆ. ಆಗ ಫಿಲ್ಟರ್ ಕಟ್ಟಿಕೊಳ್ಳತೊಡಗಿತು. ರಾತ್ರಿ ಹಾಕಿದ ಡಿಕಾಕ್ಷನ್ ಬೆಳಗ್ಗೆಯೂ ಪೂರ್ತಿ ಇಳಿದಿರುತ್ತಿರಲಿಲ್ಲ. ಫಿಲ್ಟರಿನ ತೂತುಗಳನ್ನು ಸೂಜಿಯಿಂದ ಚುಚ್ಚಿದ್ದಾಯಿತು, ಹೊಸ ಫಿಲ್ಟರ್ ಕೊಂಡದ್ದಾಯಿತು. ತಪ್ಪು ಫಿಲ್ಟರಿನದಲ್ಲ. ಚಿಕೋರಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ನಲವತ್ತು ಪಾಲು ಅದೇ ಇರುವ ಪುಡಿಯನ್ನು ಹೆಚ್ಚು ಹೆಚ್ಚು ಹಾಕಿದರೆ ತಳದಲ್ಲಿ ಕೆಸರು ಕೂರುತ್ತದೆ.

ಆ ದಿನ ಪೊಟ್ಟಣದ ಲೆಕ್ಕ ಹಾಕಿದೆ. ಬಿಡಿ ಚಿಕೋರಿ ಆಗ ಕಿಲೋಗೆ ಸುಮಾರು ₹ 300. ಪೊಟ್ಟಣದಲ್ಲಿದ್ದ ನಾನೂರು ಗ್ರಾಂ ಚಿಕೋರಿಗೆ ₹ 120 ಕಳೆದರೆ, ಉಳಿದ ಆರುನೂರು ಗ್ರಾಂ ಕಾಫಿಗೆ ನಾನು ಕೊಟ್ಟದ್ದು ₹ 500. ಅಂದರೆ ಕಾಫಿ ಕಿಲೋಗೆ ₹ 830ರ ಮೇಲೆಯೇ ಬಿತ್ತು. ಬೀಜ ಹುರಿದು, ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಶುದ್ಧ ಕಾಫಿಪುಡಿಗೆ ಅಂದು ₹ 850 ಇತ್ತು. ಇಪ್ಪತ್ತು ರೂಪಾಯಿ ಉಳಿಸಲು ಹಳೆಯ ಪುಡಿ ಕುಡಿಯುತ್ತಿದ್ದೆವು! ನಮ್ಮಲ್ಲಿ ಬೆರಕೆ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಚಿಕೋರಿ ಎಷ್ಟೆಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂಬ ನಿಯಮವಿದೆ. ಆ ಸಣ್ಣ ಅಕ್ಷರವನ್ನು ಓದಿ ಈ ಕಳೆಯುವ ಲೆಕ್ಕವನ್ನು ಒಮ್ಮೆ ಹಾಕಿನೋಡಿ.

ಹಾಗಾಗಿ ಕಾಫಿಯನ್ನೂ ಚಿಕೋರಿಯನ್ನೂ ಬೇರೆಬೇರೆಯಾಗಿ ಕೊಳ್ಳತೊಡಗಿದೆ. ಮೊದಲು ಮಾಡಿದ ತಪ್ಪು ಹುರಿತದ್ದು. ಚಿಕೋರಿ ಬಿಟ್ಟರೆ ಬಣ್ಣ ಕಡಿಮೆಯಾಗುತ್ತದೆ ಎಂಬ ಭಯದಿಂದ ‘ಚೆನ್ನಾಗಿ ಕಪ್ಪಾಗಿ ಹುರಿದು ಕೊಡಿ’ ಎಂದೆ. ಬೀಜ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು, ನೋಡಲು ಚೆಂದ. ಡಿಕಾಕ್ಷನ್ ಮೇಲೆ ತೆಳುವಾದ ಎಣ್ಣೆಯ ಪದರ, ಗಂಟಲಲ್ಲಿ ಹೊಗೆಯ ಕಹಿ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅಲ್ಲದೆ ಕಪ್ಪಾಗಿ ಹುರಿದದ್ದು ಬೇಗ ಕೆಡುತ್ತದೆ. ಹೊರಗೆ ಬಂದ ಎಣ್ಣೆಗೆ ಗಾಳಿ ತಗುಲಿ, ವಾರ ಕಳೆಯುವುದರೊಳಗೆ ಕರಿದ ಎಣ್ಣೆ ಹಳಸಿದಂಥ ವಾಸನೆ ಬಂತು. ಅದರ ಮುಂದಿನ ಸಲ ತಿಳಿಯಾಗಿ ಹುರಿಸಿದೆ. ಡಿಕಾಕ್ಷನ್ ಹಾಗೆಯೇ ಕುಡಿದರೆ ಹೂವಿನಂಥ ಪರಿಮಳ, ಹಾಲು ಬೆರೆಸಿದೊಡನೆ ಹುಳಿಮಿಶ್ರಿತ ನೀರು. ಹಾಲು ಹಾಕಿ ಕುಡಿಯುವ ಮನೆಗೆ ಆ ಹದ ಸಲ್ಲದು.

ಈಗ ನಾನು ಅಂಗಡಿಯವರಿಗೆ ಹೇಳುವ ಗುರುತು ಹುಣಸೆಬೀಜ. ಬಣ್ಣ ಹುಣಸೆಬೀಜದ್ದಿರಬೇಕು, ಹೊಳಪು ಮಾತ್ರ ಇರಬಾರದು. ಬೀಜವನ್ನು ಕಾಗದದ ಮೇಲೆ ಒತ್ತಿದರೆ ಎಣ್ಣೆಯ ಕಲೆ ಮೂಡಬಾರದು. ‘ಮೀಡಿಯಂ’ ಎಂಬ ಮಾತಿಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಅರ್ಥವಿದೆ, ಹುಣಸೆಬೀಜಕ್ಕೆ ಒಂದೇ.

ಬೀಜದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನ ಕಡೆಯ ಪೀಬೆರಿ ಹೆಚ್ಚು, ಕೊಡಗಿನ ರೊಬಸ್ಟಾ ಕಡಿಮೆ. ಪರಿಮಳ ಮೊದಲನೆಯದರಿಂದ, ಹಾಲಿಗೆ ಸೋಲದ ಗಟ್ಟಿತನ ಎರಡನೆಯದರಿಂದ. ಎಷ್ಟಕ್ಕೆ ಎಷ್ಟು ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದಕ್ಕಾಗಿಯೇ ನಾನು ಆರು ತಿಂಗಳು ಕಳೆದಿದ್ದೇನೆ.

ತಾಜಾತನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೇಳುವ ಪ್ರಶ್ನೆಯೇ. ‘ಯಾವಾಗ ಪುಡಿ ಮಾಡಿದ್ದು?’ ಎಂದು ಕೇಳುತ್ತಿದ್ದೆ. ‘ಈಗಲೇ, ನಿಮ್ಮ ಕಣ್ಣೆದುರಿಗೇ’ ಎನ್ನುತ್ತಿದ್ದರು. ಮಾತು ನಿಜ. ಆದರೆ ಬೀಜ ಹುರಿದು ತಿಂಗಳಾಗಿತ್ತು. ಕೇಳಬೇಕಾದದ್ದು ‘ಯಾವಾಗ ಹುರಿದದ್ದು?’ ಎಂದು. ಹುರಿದು ಎರಡು ಮೂರು ದಿನ ಕಳೆದ ಬೀಜ ನನಗೆ ಅತ್ಯುತ್ತಮ ಎನಿಸಿದೆ. ಅದೇ ದಿನ ಹುರಿದದ್ದರಲ್ಲಿ ಗಾಳಿ ತುಂಬಿರುತ್ತದೆ. ಬಿಸಿನೀರು ಬಿದ್ದೊಡನೆ ಪುಡಿ ಉಕ್ಕಿ, ಅದುಮಿಟ್ಟ ತಟ್ಟೆಯನ್ನೇ ಎತ್ತಿಬಿಡುತ್ತದೆ. ಡಿಕಾಕ್ಷನ್ ಒಂದು ಕಡೆಯಿಂದ ಬೇಗ ಇಳಿದು ತೆಳುವಾಗುತ್ತದೆ.

ಮನೆಯಲ್ಲಿ ಪರೀಕ್ಷೆ ಸುಲಭ. ಒಂದು ಚಮಚ ಪುಡಿಯನ್ನು ಬಟ್ಟಲಿಗೆ ಹಾಕಿ, ಮುಳುಗುವಷ್ಟು ಬಿಸಿನೀರು ಸುರಿಯಿರಿ. ತಾಜಾ ಪುಡಿ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಗುಳ್ಳೆ ಬಿಡುತ್ತದೆ. ಹಳೆಯದು ಒದ್ದೆ ಮಣ್ಣಿನ ಹಾಗೆ ಸುಮ್ಮನೆ ಕೂರುತ್ತದೆ. ಈ ಪರೀಕ್ಷೆಯನ್ನು ಚಿಕೋರಿ ಬೆರೆಸದ ಪುಡಿಯಲ್ಲಿಯೇ ಮಾಡಬೇಕು, ಬೆರಕೆಯಲ್ಲಿ ಉಬ್ಬು ಸರಿಯಾಗಿ ಕಾಣದು.

ಇನ್ನೊಂದು ಸಂಗತಿ. ನನಗಿಂತ ಮುಂಚೆ ಬಂದವರು ಬೆರಕೆ ಪುಡಿ ಮಾಡಿಸಿಕೊಂಡು ಹೋಗಿದ್ದರೆ, ಯಂತ್ರದಿಂದ ಮೊದಲು ಬೀಳುವ ಹಿಡಿಯಷ್ಟು ಪುಡಿ ಅವರದೇ. ಶುದ್ಧ ಕಾಫಿ ಎಂದು ತಂದದ್ದು ಒಮ್ಮೆ ತಣ್ಣೀರಿನಲ್ಲಿ ಕಂದು ಎಳೆ ಬಿಟ್ಟಾಗ ಗೊತ್ತಾಯಿತು. ಈಗ ಮೊದಲ ಹಿಡಿಯನ್ನು ಬೇರೆ ತೆಗೆದಿಡಲು ಹೇಳುತ್ತೇನೆ. ಅಂಗಡಿಯವರು ಮೊದಲು ಮುಖ ಗಂಟಿಕ್ಕಿದರು, ಈಗ ನನ್ನನ್ನು ಕಂಡೊಡನೆ ಅವರೇ ತೆಗೆದಿಡುತ್ತಾರೆ.

ಆ ತಣ್ಣೀರಿನ ಪರೀಕ್ಷೆ ನಿಮಗೆಲ್ಲ ಗೊತ್ತಿರುವುದೇ: ಚಿಕೋರಿ ಬಣ್ಣ ಬಿಡುತ್ತ ಮುಳುಗುತ್ತದೆ, ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಅದರಿಂದ ಪ್ರಮಾಣ ತಿಳಿಯಬಹುದೇ ಎಂದು ನೋಡಲು ನಾಲ್ಕು ಗಾಜಿನ ಲೋಟಗಳಲ್ಲಿ ನಾನೇ ಬೆರೆಸಿದ ಶೂನ್ಯ, ಹತ್ತು, ಇಪ್ಪತ್ತು, ಮೂವತ್ತು ಪಾಲಿನ ಪುಡಿಗಳನ್ನು ಚಿಟಿಕೆ ಚಿಟಿಕೆ ಉದುರಿಸಿದೆ. ಒಂದು ನಿಮಿಷದ ಬಳಿಕ ಹತ್ತಕ್ಕೂ ಮೂವತ್ತಕ್ಕೂ ವ್ಯತ್ಯಾಸ ಸ್ಪಷ್ಟ. ಇಪ್ಪತ್ತಕ್ಕೂ ಮೂವತ್ತಕ್ಕೂ ಹೇಳಲಾಗಲಿಲ್ಲ. ಚಿಕೋರಿ ಇದೆಯೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿ, ಅಳತೆಗಲ್ಲ.

ಚಿಕೋರಿಯ ಗುಟ್ಟು ತಿಳಿದದ್ದು ಎರಡನೆಯ ಡಿಕಾಕ್ಷನ್‌ನಿಂದ. ಬೆಳಗ್ಗೆಯ ಚರಟಕ್ಕೆ ಮತ್ತೆ ನೀರು ಹಾಕಿ ಸಂಜೆಗೆ ಎರಡನೆಯ ಡಿಕಾಕ್ಷನ್ ಇಳಿಸುವುದು ನಮ್ಮ ಮನೆಯ ರೂಢಿ. ಸಂಜೆಯ ಕಾಫಿ ಸಪ್ಪೆ ಎಂದು ಮಾವ ದಿನವೂ ಬೇಸರಿಸುತ್ತಿದ್ದರು. ಕಾಫಿಯಲ್ಲಿ ನೀರಿಗೆ ಇಳಿಯುವ ಅಂಶ ಸುಮಾರು ಮೂರನೇ ಒಂದು ಭಾಗ, ಚಿಕೋರಿಯಲ್ಲಿ ಅದರ ಎರಡರಷ್ಟು. ಹಾಗಾಗಿ ಚಿಕೋರಿ ಹೆಚ್ಚುಕಡಿಮೆ ಪೂರ್ತಿ ಮೊದಲ ಡಿಕಾಕ್ಷನ್‌ಗೇ ಹೋಗಿಬಿಡುತ್ತದೆ. ಬೆಳಗ್ಗೆ ಚಿಕೋರಿ ಅತಿಯಾಗಿ, ಸಂಜೆ ಏನೂ ಇಲ್ಲ. ಒಂದೇ ಪುಡಿಯಿಂದ ಎರಡು ಬೇರೆ ಕಾಫಿ ಕುಡಿಯುತ್ತಿದ್ದೆವು.

ಎರಡನೆಯ ಡಿಕಾಕ್ಷನ್ ನಿಲ್ಲಿಸಿ, ಎರಡು ಹೊತ್ತಿಗೂ ಹೊಸದಾಗಿ ಹಾಕತೊಡಗಿದೆ. ಬೆಳಗ್ಗೆ 32 ಗ್ರಾಂ ಕಾಫಿಗೆ 3 ಗ್ರಾಂ ಚಿಕೋರಿ. ಸಂಜೆ 19 ಗ್ರಾಂ ಕಾಫಿಗೆ 6 ಗ್ರಾಂ ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಸಂಜೆ ಅದರ ಪಾಲು ಹೆಚ್ಚಿದಷ್ಟೂ ಮಾವನಿಗೆ ರಾತ್ರಿ ನಿದ್ರೆ ಸರಿಯಾಗಿ ಬಂತು. ಮೈ ಇರುವ ಕಾಫಿಯೂ ಸಿಕ್ಕಿತು. ಬೆರಸಿಟ್ಟ ಪುಡಿಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಯಾರಿಗೂ ಹೇಳದೆ ಹತ್ತು ದಿನ ನಡೆಸಿದೆ. ಹನ್ನೊಂದನೆಯ ದಿನ ಅತ್ತೆಯೇ, ‘ಹಾಲು ಬದಲಿಸಿದೆಯಾ? ಈಚೆಗೆ ಕಾಫಿ ಗಟ್ಟಿಯಾಗಿದೆ’ ಎಂದರು. ಹಾಲು ಅದೇ ನೀಲಿ ಪ್ಯಾಕೆಟ್ಟಿನದು. ಅವರ ಮುಂದೆ ಎರಡು ಡಬ್ಬಿಗಳನ್ನು ತಂದಿಟ್ಟೆ. ಬೆಳಗಿನ ಕಾಫಿಯಲ್ಲಿ ಚಿಕೋರಿ ಹತ್ತು ಪಾಲೂ ಇಲ್ಲವೆಂದು ಅವರು ನಂಬಲು ಇನ್ನೂ ಎರಡು ದಿನ ಬೇಕಾಯಿತು.

ಖರ್ಚಿನ ಮಾತು. ವಾರಕ್ಕೆ ಸುಮಾರು 350 ಗ್ರಾಂ ಕಾಫಿ, ತಿಂಗಳಿಗೆ ಕಾಲು ಕಿಲೋಗಿಂತ ತುಸು ಹೆಚ್ಚು ಚಿಕೋರಿ. ಅಂದಿನ ಬೆಲೆಯಲ್ಲಿ ಎಲ್ಲ ಸೇರಿ ತಿಂಗಳಿಗೆ ₹ 1,400ರ ಒಳಗೇ ಆಯಿತು. ಹಿಂದೆ ಸಪ್ಪೆಯಾದ ಪುಡಿಯನ್ನು ದಿನಕ್ಕೆ 70 ಗ್ರಾಂ ಸುರಿದು ₹ 1,300 ಖರ್ಚು ಮಾಡುತ್ತಿದ್ದೆವು. ಯಜಮಾನರು ಚೀಟಿಯನ್ನು ಎರಡು ಸಲ ಕೂಡಿ ನೋಡಿದರು.

ನಡುವೆ ಬೇರೆ ಪ್ರಯತ್ನಗಳೂ ನಡೆದವು. ಬಾಣಲೆಯಲ್ಲಿ ಕಾಲು ಕಿಲೋ ಹಸಿ ಬೀಜ ಹುರಿದೆ. ಇಳಿದಾಗ ಇನ್ನೂರು ಗ್ರಾಂ ಆಸುಪಾಸು ಉಳಿಯಿತು. ಹೊರಗೆ ಕಪ್ಪು, ಒಳಗೆ ಹಸಿ, ಮನೆ ತುಂಬ ಹೊಗೆ. ಮತ್ತೆ ಆ ಕಡೆ ಹೋಗಲಿಲ್ಲ. ಪುಡಿಯ ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟದ್ದು ಇನ್ನೂ ದೊಡ್ಡ ಹಾನಿ: ದಿನವೂ ಹೊರಗೆ ತೆಗೆದು ಮುಚ್ಚಳ ಬಿಚ್ಚಿದಾಗ ಒಳಗೆ ಬೆವರಿ, ಎಂಟು ದಿನಕ್ಕೆ ಪುಡಿ ಮುಗ್ಗಿತು. ಈಗ ಒಲೆಯಿಂದ ದೂರದ ಕಪಾಟಿನಲ್ಲಿ, ಬಾಯಿ ಬಿಗಿಯಾದ ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಕಂಠಮಟ್ಟ ತುಂಬಿಡುತ್ತೇನೆ. ಡಬ್ಬಿ ದೊಡ್ಡದಾದರೆ ಖಾಲಿ ಜಾಗದ ಗಾಳಿಯೇ ಪರಿಮಳ ತಿನ್ನುತ್ತದೆ. ಅರ್ಧ ಮುಗಿದಾಗ ಇನ್ನೂ ಚಿಕ್ಕ ಡಬ್ಬಿಗೆ ಬದಲಿಸುತ್ತೇನೆ.

ಮಳೆಗಾಲದಲ್ಲಿ ಚಿಕೋರಿ ಬೆಲ್ಲದಂತೆ ಗಂಟುಕಟ್ಟುತ್ತದೆ, ಆಷಾಢ ಶುರುವಾದೊಡನೆ ಅದನ್ನು ನೂರು ಗ್ರಾಂ ಮೀರಿ ತರುವುದಿಲ್ಲ. ಮನೆಯಲ್ಲಿ ಸಮಾರಂಭವಿದ್ದು ಇಪ್ಪತ್ತು ಮೂವತ್ತು ಜನ ಬರುವ ದಿನ ಮಾತ್ರ ಅಳತೆ ಬೇರೆ. ಡಿಕಾಕ್ಷನ್ ಎರಡು ಮೂರು ಗಂಟೆ ಪಾತ್ರೆಯಲ್ಲಿ ನಿಲ್ಲಬೇಕಾದಾಗ ಕಾಫಿಯ ಪರಿಮಳ ಹೇಗೂ ಹಾರುತ್ತದೆ, ಚಿಕೋರಿಯ ಗಟ್ಟಿತನ ಹಾರುವುದಿಲ್ಲ. ಆ ದಿನ ಇಪ್ಪತ್ತೈದು ಪಾಲು ಹಾಕುತ್ತೇನೆ, ಪೀಬೆರಿಯನ್ನು ಮನೆಯವರಿಗೆ ಎತ್ತಿಟ್ಟು ರೊಬಸ್ಟಾವನ್ನೇ ಹೆಚ್ಚು ಬಳಸುತ್ತೇನೆ.