ಹೆಪ್ಪು, ಗೋಟಡಿಕೆ ಮತ್ತು ಮೂರು ಪುಸ್ತಕ: ನಮ್ಮ ಜಗಳ ಕಡಿಮೆಯಾದದ್ದು ಹೀಗೆ

ನಮಗೆ ಮದುವೆಯಾಗಿ 14 ವರ್ಷ. ದೊಡ್ಡ ವಿಷಯಕ್ಕೆ ನಾವು ಜಗಳ ಆಡಿದ್ದು ನೆನಪಿಲ್ಲ. ಸೈಟು ತಗೊಂಡಾಗ, ಅತ್ತೆಯವರ ಆಪರೇಷನ್ ಆದಾಗ ಇಬ್ಬರೂ ಒಂದೇ ಮಾತು. ಆದರೆ ಗೀಸರ್ ಸ್ವಿಚ್, ಒದ್ದೆ ಟವೆಲ್, ರಾತ್ರಿ ಹಾಲಿಗೆ ಹೆಪ್ಪು ಹಾಕದೆ ಮಲಗಿದ್ದು, ಇಂಥವಕ್ಕೆ ಎರಡೆರಡು ದಿನ ಮಾತು ಬಿಟ್ಟಿದ್ದೇವೆ. "ಪುಸ್ತಕ ಓದಿ ಯಾರ ಸಂಸಾರ ಸರಿಹೋಗಿದೆ?" ಅಂತ ನಾದಿನಿ ಕೇಳಿದ್ದಳು. ನಮ್ಮದು ಸರಿಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಂಡ ಹೆಂಡತಿ ಜಗಳದ ಬಗೆಗಿನ ಪುಸ್ತಕಗಳನ್ನು ಓದಿದವರಿಗೆ ಒಬ್ಬರು ಮಾತಾಡಿ ಇನ್ನೊಬ್ಬರು ಕೇಳಿ ತಿರುಗಿ ಹೇಳುವ ಪದ್ಧತಿ ಗೊತ್ತೇ ಇರುತ್ತದೆ, ಅದನ್ನು ಮತ್ತೆ ವಿವರಿಸಲ್ಲ. ಅದು ಕನ್ನಡದ ಮನೆಯಲ್ಲಿ ಎಲ್ಲಿ ಮುರಿದುಬೀಳುತ್ತದೆ ಅನ್ನೋದು ಹೇಳುತ್ತೇನೆ.

ಮೊದಲು ಖರ್ಚು. ಮೂರು ಪುಸ್ತಕಕ್ಕೆ ಸುಮಾರು 1,600 ರೂಪಾಯಿ. ಒಬ್ಬ ಕೌನ್ಸೆಲರ್ ಹತ್ತಿರ ಮೂರು ಸಲ ಹೋದೆವು, ಸಲಕ್ಕೆ 1,200. ಅವರು ಒಳ್ಳೆಯವರೇ, ಆದರೆ ಎಲ್ಲಾ ಇಂಗ್ಲಿಷಿನಲ್ಲಿ. ನಾವು ಜಗಳ ಆಡೋದು ಕನ್ನಡದಲ್ಲಿ. ಆಮೇಲೆ ಎರಡು ದಿನದ ಒಂದು ಶಿಬಿರ, ಇಬ್ಬರಿಗೆ 7 ಸಾವಿರ, ಊಟ ಸೇರಿ. ಅಲ್ಲಿಂದ ವಾಪಸ್ ಬರುವಾಗ ಕಾರಿನಲ್ಲೇ ಪಾರ್ಕಿಂಗ್ ಚೀಟಿಗೆ ಜಗಳ. ಒಟ್ಟು ಸುಮಾರು 12 ಸಾವಿರ ಹೋಯಿತು, ಕೆಲಸಕ್ಕೆ ಬಂದದ್ದು 1,600ರದ್ದೇ.

ಹೆಚ್ಚು ಉಪಯೋಗ ಆದದ್ದು ಎರಡು. ಮಾರ್ಕ್‌ಮನ್, ಸ್ಟ್ಯಾನ್ಲಿ, ಬ್ಲೂಮ್‌ಬರ್ಗ್ ಬರೆದ 'ಫೈಟಿಂಗ್ ಫಾರ್ ಯುವರ್ ಮ್ಯಾರೇಜ್', 1994ರದ್ದು. ಇನ್ನೊಂದು ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ 'ದಿ ಸೆವೆನ್ ಪ್ರಿನ್ಸಿಪಲ್ಸ್ ಫಾರ್ ಮೇಕಿಂಗ್ ಮ್ಯಾರೇಜ್ ವರ್ಕ್', 1999ರದ್ದು. ಎರಡನ್ನೂ ಓದಿದವರಿಗೆ ಒಂದು ತಕರಾರು ಕಂಡಿರಬೇಕು. ಮೊದಲನೆಯದು ಕೇಳಿದ್ದನ್ನು ತಿರುಗಿ ಹೇಳು ಅನ್ನುತ್ತದೆ. ಜಗಳದ ಕಾವಿನಲ್ಲಿ ಹಾಗೆ ಕೇಳಿಸಿಕೊಳ್ಳೋದು ಬಹಳ ಜನಕ್ಕೆ ಆಗಲ್ಲ ಅನ್ನುತ್ತಾರೆ ಗಾಟ್‌ಮನ್. ನಾವು ಒಂದು ವರ್ಷ ಮೊದಲನೆಯದನ್ನೇ ಹಿಡಿದುಕೊಂಡು ಸೋತೆವು. ಎರಡನ್ನೂ ಒಂದರ ಹಿಂದೆ ಒಂದು ಇಟ್ಟಾಗ ಗೆದ್ದೆವು. ಮೊದಲು ಕಾವು ಇಳಿಸೋದು, ಆಮೇಲೆ ಕೇಳೋದು.

ಕಾವು ಇಳಿದಿದೆ ಅಂತ ಹೇಗೆ ಗೊತ್ತಾಗುತ್ತದೆ? ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗಲ್ಲ, ಕನಿಷ್ಠ 20 ನಿಮಿಷ ಬಿಡಿ ಅಂತ ಗಾಟ್‌ಮನ್ ಬರೆಯುತ್ತಾರೆ. ಕೊರೋನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಡ್ರಾಯರಿನಲ್ಲಿ ಬಿದ್ದಿತ್ತು. ಒಂದು ಸಲ ಜಗಳದ ನಡುವೆ ಬೆರಳಿಗೆ ಹಾಕಿಕೊಂಡೆ. 108 ತೋರಿಸಿತು. ನಾನು ತುಂಬಾ ಶಾಂತವಾಗಿ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ! ಏನೂ ಮಾತಾಡದೆ ಗೋಡೆ ನೋಡುತ್ತಾ ಕೂತಿದ್ದ ಇವರದ್ದು 112. ಆವತ್ತಿನವರೆಗೆ ಇವರು ಸುಮ್ಮನಿರೋದು ನನ್ನ ಮೇಲಿನ ತಾತ್ಸಾರ ಅಂತ ನಂಬಿದ್ದೆ. ಆ ನಂಬರ್ ನೋಡಿದ ಮೇಲೆ ಹಾಗೆ ಅನ್ನಿಸಿಲ್ಲ.

ಆ 20 ನಿಮಿಷದಲ್ಲಿ ಮುಂದೆ ಏನು ಹೇಳಲಿ ಅಂತ ಮನಸ್ಸಿನಲ್ಲೇ ವಾದ ಕಟ್ಟುತ್ತಾ ಕೂತರೆ ಬಡಿತ ಇಳಿಯಲ್ಲ. ನಾನು ಅವರೆಕಾಯಿ ಸುಲಿಯುತ್ತೇನೆ, ಇವರು ಗಿಡಕ್ಕೆ ನೀರು ಹಾಕುತ್ತಾರೆ. ನಿಲ್ಲಿಸೋಣ ಅಂತ ಹೇಳೋಕೆ ನಮ್ಮದೊಂದು ಪದ ಇದೆ. ಅದನ್ನು ಇಲ್ಲಿ ಬರೆಯಲ್ಲ, ನಿಮ್ಮದು ನೀವೇ ಹುಡುಕಿಕೊಳ್ಳಿ, ಇಬ್ಬರಿಗೂ ನಗು ಬರುವ ಪದ ಇರಲಿ.

ಇನ್ನು ಕೇಳುವ ಭಾಗ. ಮಾತಿನ ಸರದಿ ಯಾರದ್ದು ಅಂತ ತೋರಿಸೋಕೆ ಪುಸ್ತಕದಲ್ಲಿ ಏನಾದರೂ ಒಂದು ವಸ್ತು ಹಿಡಿದುಕೊಳ್ಳಿ ಅಂತಾರೆ. ಟಿವಿ ರಿಮೋಟ್ ಇಟ್ಟುಕೊಂಡೆವು, ಕೈ ಸುಮ್ಮನಿರಲಿಲ್ಲ. ಈಗ ಒಂದು ಗೋಟಡಿಕೆ. ಮುಷ್ಟಿಯಲ್ಲಿ ಹಿಡಿಸುತ್ತದೆ, ಒತ್ತಿ ಹಿಡಿದರೆ ಕೈಗೆ ಒಂದು ಕೆಲಸ ಇದ್ದ ಹಾಗಾಗುತ್ತದೆ.

ಸೋತದ್ದು ಭಾಷೆಯಲ್ಲಿ. ಪುಸ್ತಕ ಹೇಳಿದ ಹಾಗೆ ತಿರುಗಿ ಹೇಳುವಾಗ ಇವರು "ಅಂದ್ರೆ ನಾನು ಹೆಪ್ಪು ಹಾಕಲಿಲ್ಲ ಅಂತ ನೀನು ಹೇಳ್ತಿದ್ದೀಯ" ಅನ್ನುತ್ತಿದ್ದರು. ಜೋರಾಗಿ ಒಂದು ಸಲ ಓದಿ ನೋಡಿ. ಕನ್ನಡದಲ್ಲಿ ಅದು ಕೇಳಿಸಿಕೊಂಡ ಮಾತಲ್ಲ, ಸವಾಲು. "ಅಂದ್ರೆ" ಅಂತ ಶುರುವಾದರೆ ಅರ್ಧ ಜಗಳ ಅಲ್ಲೇ ಆಯಿತು. ಹಾಗಾಗಿ "ಅಂದ್ರೆ", "ನೀನು" ಎರಡನ್ನೂ ತೆಗೆದೆವು. ಕ್ರಿಯಾಪದದ ತುದಿಯಲ್ಲೇ ಯಾರು ಅಂತ ಗೊತ್ತಾಗುತ್ತದಲ್ವಾ, "ನೀನು" ಯಾಕೆ ಬೇಕು? ಈಗ "ಬೆಳಿಗ್ಗೆ ಮೊಸರಿಲ್ಲದೆ ಗಾಬರಿ ಆಯ್ತು, ಅಲ್ವಾ?" ಅಂತಾರೆ, ಅಷ್ಟೇ.

ನನ್ನ ಕಡೆ ತಪ್ಪು ಬೇರೆ ಇತ್ತು. ನಾನು ಹೇಳುತ್ತಿದ್ದದ್ದು "ನಿಮಗೆ ಒಂದು ಹೆಪ್ಪು ಹಾಕೋಕೂ ಆಗಲ್ವಾ?" ಆ "ಒಂದು", ಆ "ಕೂ". ದೂರು ಬೇರೆ, ವ್ಯಕ್ತಿಯನ್ನೇ ಬೈಯೋದು ಬೇರೆ ಅಂತ ಗಾಟ್‌ಮನ್ ಪುಟಗಟ್ಟಲೆ ಬರೆದಿದ್ದಾರೆ. ಕನ್ನಡದಲ್ಲಿ ಆ ವ್ಯತ್ಯಾಸ ಆ ಒಂದು ಅಕ್ಷರದಲ್ಲಿದೆ. ಇವರಿಗೆ ಸಿಟ್ಟು ಬಂದರೆ ನನಗೆ ಬಹುವಚನ ಶುರು, "ಆಯ್ತು ಮೇಡಂ, ನೀವು ಹೇಳಿದ ಹಾಗೆ". ಮರ್ಯಾದೆ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಪುಸ್ತಕಗಳು ತಾತ್ಸಾರ ಅನ್ನೋದು ಇದನ್ನೇ. ಎರಡನ್ನೂ ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆವು. ನಿಲ್ಲೋಕೆ ಮೂರು ತಿಂಗಳು ಹಿಡಿಯಿತು.

ನಡುವೆ ಒಂದು ಪ್ರಯೋಗ ಮಾಡಿದೆ, ಜಗಳವನ್ನು ಫೋನಿನಲ್ಲಿ ರೆಕಾರ್ಡ್ ಮಾಡೋದು. ಇವರಿಗೆ ಹೇಳಿಯೇ ಮಾಡಿದ್ದು. ಎರಡು ಸಲ ಕೇಳಿದಾಗ ನನ್ನ ದನಿ ನನಗೇ ಕಷ್ಟವಾಯಿತು, ಅದು ಒಳ್ಳೆಯದೇ ಆಯಿತು. ಮೂರನೇ ಸಲದಿಂದ ಇಬ್ಬರೂ ಫೋನಿಗೆ ಕೇಳಿಸಲಿ ಅಂತ ಮಾತಾಡತೊಡಗಿದೆವು. ಬಿಟ್ಟೆವು.

ಹೆಪ್ಪಿನ ರಾತ್ರಿಯದ್ದೇ ಹೇಳುತ್ತೇನೆ. ನಾನು 5 ಗಂಟೆಗೆ ಏಳಬೇಕು, 10ಕ್ಕೆ ಮಲಗುತ್ತೇನೆ. ಹಾಲು ಆರಿದ ಮೇಲೆ ಹೆಪ್ಪು ಹಾಕೋದು ಕೊನೆಗೆ ಮಲಗುವ ಇವರ ಪಾಲು. ವಾರಕ್ಕೆ ಎರಡು ಸಲ ಮರೆಯುತ್ತಿದ್ದರು. ಅಡಿಕೆ ನನ್ನ ಕೈಯಲ್ಲಿತ್ತು. "ಇವತ್ತು ಮೊಸರಿಲ್ಲ. ಡಬ್ಬಿಗೆ ಏನು ಹಾಕಲಿ ಅಂತ ಗಾಬರಿ ಆಯ್ತು. ಮಲಗಿದ ಮೇಲೂ ಮನೆ ನನ್ನ ತಲೆಯಲ್ಲೇ ಇರುತ್ತೆ ಅನ್ನಿಸುತ್ತೆ" ಅಂದೆ. ಇವರು ತಕ್ಷಣ "ಹಾಗಾದ್ರೆ ಮೊಸರು ಪ್ಯಾಕೆಟ್ ತರ್ತೀನಿ ಬಿಡು" ಅಂದರು. ಇಲ್ಲೇ ಎಲ್ಲರೂ ಜಾರೋದು. ಕೇಳುವವರು "ಹಾಗಾದ್ರೆ" ಅಂದರೆ ಕೇಳೋದು ನಿಂತಿದೆ ಅಂತಲೇ ಲೆಕ್ಕ. ಪರಿಹಾರ ಆಮೇಲೆ ಅನ್ನೋದು ಆ ಪದ್ಧತಿಯ ನಿಯಮ. ನಾನು ಅಡಿಕೆ ತೋರಿಸಿದೆ. ಸ್ವಲ್ಪ ಹೊತ್ತು ಬಿಟ್ಟು, "ಮಲಗಿದ ಮೇಲೂ ತಲೆಯಲ್ಲೇ ಇರುತ್ತೆ... ಅಷ್ಟು ಹೊತ್ತೂ?" ಅಂದರು. ನನಗೆ ಅಳು ಬಂತು. ಅಡಿಕೆ ಅವರ ಕೈಗೆ ಹೋಯಿತು. ರಾತ್ರಿಯ ಆ ಒಂದು ಗಂಟೆ ಬಿಟ್ಟರೆ ತಮಗಾಗಿ ಸಮಯವೇ ಇಲ್ಲ, ಆಗ ಮನೆಗೆಲಸ ಯಾವುದೂ ನೆನಪಾಗಬಾರದು ಅನ್ನಿಸುತ್ತದೆ ಅಂದರು. ಇಷ್ಟು ವರ್ಷದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಈಗ ಹೆಪ್ಪು ನಾನೇ 10ಕ್ಕೆ ಮೊದಲು ಹಾಕುತ್ತೇನೆ, ಬೆಳಗಿನ ಡಬ್ಬಿ ಇವರದ್ದು.

ದಂಪತಿಗಳ ತಕರಾರಿನಲ್ಲಿ ಶೇಕಡಾ 69ರಷ್ಟು ಪೂರ್ತಿ ಬಗೆಹರಿಯುವಂಥವಲ್ಲ ಅನ್ನುತ್ತಾರೆ ಗಾಟ್‌ಮನ್. ನಮ್ಮ ಒದ್ದೆ ಟವೆಲ್ ಆ ಲೆಕ್ಕದ್ದು, ಅದನ್ನು ಬಿಟ್ಟಿದ್ದೇವೆ. ಇನ್ನೊಂದು: ಕೈ ಎತ್ತುವ, ಹೆದರಿಸುವ ಮನೆಗೆ ಇದು ಅಲ್ಲ. ಅಲ್ಲಿ ಬೇಕಾದದ್ದು ಅಡಿಕೆ ಹಿಡಿದು ಕೂರೋದಲ್ಲ, ರಕ್ಷಣೆ.

ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಮೊದಲು ವಾರಕ್ಕೆ ಐದಾರು ಜಗಳ, ಈಗ ಒಂದೋ ಎರಡೋ. ಮಾತು ಬಿಡೋದು ಎರಡು ದಿನದಿಂದ ಒಂದು ಗಂಟೆಗೆ ಇಳಿದಿದೆ. ಹೋದ ತಿಂಗಳು ನಾದಿನಿ ಬಂದು ಪುಸ್ತಕ ಕೇಳಿದಳು. ಎರಡು ಕೊಟ್ಟೆ. ಅಂಚಿನಲ್ಲಿ ನಾವಿಬ್ಬರೂ ಪೆನ್ಸಿಲ್‌ನಲ್ಲಿ ಬರೆದುಕೊಂಡ ಪುಸ್ತಕವನ್ನು ಮಾತ್ರ ಕೊಡಲಿಲ್ಲ.