ರಿಕ್ರೂಟರ್ ಮೊದಲ ಸಲ ಫೋನ್ ಮಾಡಿದಾಗ ನಾನು ಏನೇನು ಹೇಳಿದೆ

ಹಾಸನದಲ್ಲಿ ಎಂಟನೇ ಸೆಮಿಸ್ಟರ್ ಓದುತ್ತಾ ಬೆಂಗಳೂರಿನ ಇಂಟರ್ನ್‌ಶಿಪ್‌ಗಳಿಗೆ ಅರ್ಜಿ ಹಾಕುತ್ತಿದ್ದೆ. ಮೊದಲ ಫೋನ್‌ನಲ್ಲಿ ಕೋಡಿಂಗ್ ಪ್ರಶ್ನೆ ಕೇಳುವುದು ಕಡಿಮೆ. ರಿಕ್ರೂಟರ್ ಮುಂದೆ ಒಂದು ಎಕ್ಸೆಲ್ ಶೀಟ್ ಇರುತ್ತದೆ. ಯಾವಾಗ ಸೇರ್ತಾರೆ, ಎಷ್ಟು ಕೇಳ್ತಾರೆ, ಎಲ್ಲಿದ್ದಾರೆ ಅನ್ನೋ ಕಾಲಂ ತುಂಬಿಸಿ ಮ್ಯಾನೇಜರ್‌ಗೆ ಕಳಿಸಬೇಕು. ಹಾಗಾಗಿ ಆ ಕಾಲಂನಲ್ಲಿ ಹಾಗೇ ಬರೆದುಕೊಳ್ಳುವಂಥ ಉತ್ತರಗಳನ್ನು ಮೊದಲೇ ಒಂದು ಹಾಳೆಯಲ್ಲಿ ಗೀಚಿಟ್ಟುಕೊಂಡಿದ್ದೆ.

ಫೋನ್ ಬಂದಾಗ ಕ್ಯಾಂಟೀನ್‌ನಲ್ಲಿದ್ದೆ, ಗಲಾಟೆಯೋ ಗಲಾಟೆ. "ಮೇಡಂ, ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ, ನಾಲ್ಕು ಗಂಟೆಗೆ ನಾನೇ ಮಾಡ್ಲಾ?" ಅಂದೆ. ಸರಿ ಅಂದರು. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಡುವ ಮೊದಲು ಅವರ ಹೆಸರು, ಕಂಪನಿ, ಯಾವ ಪೋಸ್ಟ್ ಅಂತ ಕೇಳಿ ಬರೆದುಕೊಂಡೆ. ಹತ್ತಾರು ಕಡೆ ಅರ್ಜಿ ಹಾಕಿದಾಗ ಯಾವುದು ಯಾವುದು ಅಂತ ನೆನಪಿರುವುದಿಲ್ಲ, ಅಲ್ವಾ?

ಮೊದಲ ಪ್ರಶ್ನೆ: "ಯಾವಾಗ ಜಾಯಿನ್ ಆಗ್ತೀರಾ?" ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು "ಇಮ್ಮಿಡಿಯೇಟ್" ಅಂದುಬಿಡುತ್ತಿದ್ದರು. ಆದರೆ ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆ ಇವೆ. ಯಾವ ತಾರೀಕಿನಿಂದ, ಎಷ್ಟು ತಿಂಗಳು, ದಿನಪೂರ್ತಿ ಬರಲಾಗುತ್ತದಾ. ನಾನು ಹೀಗೆ ಹೇಳಿದೆ: "ಫೆಬ್ರವರಿ 10ರಿಂದ ಬರ್ತೀನಿ. ನಾಲ್ಕು ತಿಂಗಳು, ಸೋಮವಾರದಿಂದ ಶುಕ್ರವಾರ ಫುಲ್ ಟೈಮ್. ಪ್ರಾಜೆಕ್ಟ್ ರಿವ್ಯೂಗೆ ತಿಂಗಳಿಗೊಂದು ದಿನ ಕಾಲೇಜಿಗೆ ಹೋಗಬೇಕು, ಕೊನೆಗೆ ವೈವಾಗೆ ಎರಡು ದಿನ ರಜೆ ಬೇಕು." ರಜೆ ವಿಷಯ ಈಗಲೇ ಹೇಳಿದರೆ ಕೈಬಿಟ್ಟುಬಿಡ್ತಾರೆ ಅಂತ ಗೆಳತಿಯರು ಹೆದರಿಸಿದ್ದರು. ರಿಕ್ರೂಟರ್ ಮೇಡಂ "ಓಕೆ, ನೋಟ್ ಮಾಡ್ಕೊಂಡೆ" ಅಂದರು, ಅಷ್ಟೇ. ಸೇರಿದ ಮೇಲೆ ಹೇಳಿದರೆ ಅದೇ ವಿಷಯ ಟೀಮ್ ಲೀಡ್ ಜೊತೆ ಜಗಳವಾಗುತ್ತದೆ.

ಆಮೇಲೆ ಕೇಳಿದ್ದು ಕಾಲೇಜಿನ ಎನ್‌ಒಸಿ, ಅಂದರೆ ನಮ್ಮ ಅಭ್ಯಂತರವಿಲ್ಲ ಅಂತ ಕಾಲೇಜು ಕೊಡುವ ಪತ್ರದ ಬಗ್ಗೆ. ಪ್ಲೇಸ್‌ಮೆಂಟ್ ಆಫೀಸಿನಲ್ಲಿ ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ಮೊದಲೇ ವಿಚಾರಿಸಿಟ್ಟಿದ್ದೆ. "ಆಫರ್ ಲೆಟರ್ ಬಂದ ಒಂದು ವಾರದೊಳಗೆ ಕೊಡ್ತೀನಿ" ಅಂದೆ. ಫೆಬ್ರವರಿ 10 ಅನ್ನೋ ತಾರೀಕು ಬಂದದ್ದೇ ಈ ಲೆಕ್ಕದಿಂದ.

ಇನ್ನು ಸ್ಟೈಪೆಂಡ್. "ನಿಮ್ಮ ಎಕ್ಸ್‌ಪೆಕ್ಟೇಶನ್ ಎಷ್ಟು?" ಅಂತ ಕೇಳಿದಾಗ ಸುಮ್ನೆ "ನೀವು ಕೊಟ್ಟಷ್ಟು" ಅನ್ನಬಾರದು. ಹಾಳೆಯಲ್ಲಿ ನನ್ನ ಲೆಕ್ಕ ಇತ್ತು. ಬೆಳಿಗ್ಗೆ, ರಾತ್ರಿ ಊಟ ಸೇರಿ ಪಿಜಿಗೆ 9,000. ಮಧ್ಯಾಹ್ನದ ಊಟ, ಕಾಫಿಗೆ 2,500. ಆಟೋ, ಫೋನ್‌ಗೆ 1,000. ಸಣ್ಣಪುಟ್ಟದ್ದಕ್ಕೆ ಇನ್ನೊಂದು 1,000. ಒಟ್ಟು 13,500. ಶಕ್ತಿ ಯೋಜನೆ ಇರುವುದರಿಂದ ನನಗೆ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಹುಡುಗರು ಬಸ್ ಪಾಸ್ ಸೇರಿಸಿಕೊಳ್ಳಬೇಕು. ಹಾಗಾಗಿ 15,000ಕ್ಕಿಂತ ಕೆಳಗೆ ಒಪ್ಪೋದಿಲ್ಲ ಅಂತ ನಿರ್ಧರಿಸಿಕೊಂಡಿದ್ದೆ.

ಆದರೆ ಮೊದಲು ಅಂಕಿ ಹೇಳಲಿಲ್ಲ. "ಈ ಪೋಸ್ಟ್‌ಗೆ ನೀವು ಎಷ್ಟು ಇಟ್ಟಿದ್ದೀರಿ ಮೇಡಂ?" ಅಂತ ಕೇಳಿದೆ. "12ರಿಂದ 18 ಸಾವಿರ" ಅಂದರು. "ನಾನು ಹಾಸನದಿಂದ ಬಂದು ಪಿಜಿಯಲ್ಲಿ ಇರಬೇಕು, 18 ಆದರೆ ಅನುಕೂಲ" ಅಂದೆ. ಮೊದಲೇ 15 ಅಂದಿದ್ದರೆ ಶೀಟಿನಲ್ಲಿ 15 ಅಂತಲೇ ಕೂರುತ್ತಿತ್ತು. ಒಮ್ಮೆ ಬರೆದ ಅಂಕಿಯನ್ನು ಆಮೇಲೆ ಏರಿಸೋದು ಕಷ್ಟ. ಕೆಲವರು ತಮ್ಮ ಬಜೆಟ್ ಹೇಳುವುದೇ ಇಲ್ಲ. ಅಲ್ಲಿ ನಮ್ಮದೇ ಅಂಕಿ ಕೊಡಬೇಕು, ಚೌಕಾಸಿಗೆ ಸ್ವಲ್ಪ ಜಾಗ ಬಿಟ್ಟು.

ಇನ್ನೆರಡು ಕೇಳಿದೆ. ಟಿಡಿಎಸ್ ಹಿಡಿಯುತ್ತೀರಾ, ದುಡ್ಡು ಯಾವ ತಾರೀಕಿಗೆ ಬರುತ್ತದೆ. ಕೆಲವು ಕಡೆ ಸ್ಟೈಪೆಂಡ್‌ನಲ್ಲಿ ತೆರಿಗೆ ಅಂತ ಶೇ. 10 ಹಿಡಿದುಕೊಳ್ಳುತ್ತಾರೆ. ನಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು, ಆದರೆ ಆ ತಿಂಗಳಿಗೆ ಕೈಗೆ ಸಿಗೋದು ಕಡಿಮೆಯೇ. ಅವರು ಟಿಡಿಎಸ್ ಇಲ್ಲ, ದುಡ್ಡು ಮುಂದಿನ ತಿಂಗಳ 7ಕ್ಕೆ ಅಂದರು. ಅಂದರೆ ಪಿಜಿ ಅಡ್ವಾನ್ಸ್ ಮತ್ತು ಮೊದಲ ತಿಂಗಳ ಖರ್ಚು ಮನೆಯಿಂದಲೇ. ಅಪ್ಪನಿಗೆ ಅವತ್ತೇ ಹೇಳಿಟ್ಟೆ.

ಜಾಗದ ಪ್ರಶ್ನೆ ಬೇಗ ಮುಗಿಯಿತು. "ಬೆಂಗಳೂರು ಓಕೆನಾ?" ಅಂದರು. ಬೆಂಗಳೂರಲ್ಲಿ ಎಲ್ಲಿ ಅಂತ ಕೇಳಿದೆ. ವೈಟ್‌ಫೀಲ್ಡ್, ವಾರಕ್ಕೆ ಐದೂ ದಿನ ಆಫೀಸ್. ರಾಜಾಜಿನಗರದ ಅತ್ತೆ ಮನೆಯಿಂದ ದಿನಾ ಓಡಾಡುವ ಆಸೆ ಅಲ್ಲಿಗೇ ಬಿಟ್ಟೆ. ಕನ್ಸಲ್ಟೆನ್ಸಿಯಿಂದ ಫೋನ್ ಬಂದಿದ್ದರೆ ಕೆಲಸ ಯಾವ ಕಂಪನಿಯಲ್ಲಿ, ಯಾವ ಆಫೀಸಿನಲ್ಲಿ ಅಂತ ಬಿಡಿಸಿ ಕೇಳಲೇಬೇಕು. ರಿಜಿಸ್ಟ್ರೇಷನ್ ಫೀಸ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ದುಡ್ಡಿನ ಮಾತು ಬಂದರೆ ಫೋನ್ ಇಟ್ಟುಬಿಡಿ.

ಫೋನ್ ಇಟ್ಟ ಅರ್ಧ ಗಂಟೆಯಲ್ಲಿ ಒಂದು ಸಣ್ಣ ಮೇಲ್ ಹಾಕಿದೆ: ಸೇರುವ ತಾರೀಕು, ಅವಧಿ, ರಜೆ, ಮಾತಾಡಿದ ಸ್ಟೈಪೆಂಡ್, ವೈಟ್‌ಫೀಲ್ಡ್. ಆಫರ್ ಲೆಟರ್‌ನಲ್ಲಿ ತಾರೀಕು ಫೆಬ್ರವರಿ 3 ಅಂತ ಬಂದಾಗ ಅದೇ ಮೇಲ್‌ಗೆ ರಿಪ್ಲೈ ಮಾಡಿದೆ. ಮರುದಿನ ತಿದ್ದಿ ಕಳಿಸಿದರು.