ಬಾಣದ ಮೇಲೆ ಬರೆದ ಕಾರಣ

ಸ್ಪರ್ಧಾತ್ಮಕ ಪರೀಕ್ಷೆಗಾಗಿ ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿದ್ದಾಗ, ಶಿಲಾಚಕ್ರ ಹಾಗೂ ಭೂಫಲಕಗಳ ಅಂಚುಗಳ ಅಧ್ಯಾಯವನ್ನು ಒಂದೇ ಹಾಳೆಗೆ ಇಳಿಸಲು ಕುಳಿತೆ. ಮೊದಲು ಹೆಸರುಗಳನ್ನಷ್ಟೇ ಬಾಣಗಳಿಂದ ಜೋಡಿಸಿದ್ದೆ. ವಾರದ ನಂತರ ಆ ಹಾಳೆಯನ್ನು ತೆಗೆದು ನೋಡಿದರೆ, ಯಾವ ಬಾಣ ಏಕೆ ಆ ಕಡೆ ಹೊರಟಿದೆ ಎಂಬುದು ನನಗೇ ತಿಳಿಯಲಿಲ್ಲ. ಆದ್ದರಿಂದ ಪ್ರತಿ ಬಾಣದ ಮೇಲೂ ಅದರ ಕಾರಣವನ್ನು ಬರೆಯಬೇಕು, ಬರೆಯಲಾಗದಿದ್ದರೆ ಪುಸ್ತಕಕ್ಕೆ ಹಿಂತಿರುಗಬೇಕು ಎಂದು ಗೊತ್ತುಮಾಡಿಕೊಂಡೆ.

ಈ ಕಟ್ಟುಪಾಡು ನನ್ನ ತಪ್ಪನ್ನು ಹಿಡಿದುಕೊಟ್ಟದ್ದು ಸಾಗರ ಫಲಕವು ಇನ್ನೊಂದರ ಅಡಿಗೆ ಇಳಿಯುವ ಸರಪಳಿಯಲ್ಲಿ. "ಫಲಕ ಇಳಿಯುತ್ತದೆ, ಕರಗುತ್ತದೆ, ಜ್ವಾಲಾಮುಖಿ ಏಳುತ್ತದೆ" ಎಂದು ಬರೆದಿದ್ದೆ; ಆದರೆ ಇಳಿಯುವುದು ತಣ್ಣಗಾದ ಹಳೆಯ ಸಾಗರತಳ, ಅದೇಕೆ ಕರಗಬೇಕು? ಮತ್ತೆ ಓದಿದಾಗ ನಡುವಿನ ಕೊಂಡಿ ಸಿಕ್ಕಿತು. ಸಾಗರತಳದ ಖನಿಜಗಳಲ್ಲಿ ನೀರು ಸೇರಿಕೊಂಡಿರುತ್ತದೆ; ಆಳಕ್ಕೆ ಹೋದಂತೆ ಶಾಖ ಮತ್ತು ಒತ್ತಡಕ್ಕೆ ಅದು ಹೊರಬಂದು ಮೇಲಿನ ಬಿಸಿ ಮ್ಯಾಂಟಲನ್ನು, ಅಂದರೆ ಭೂಮಿಯ ಚಿಪ್ಪಿನ ಕೆಳಗಿನ ಶಿಲಾಪದರವನ್ನು ಸೇರುತ್ತದೆ, ನೀರು ಬೆರೆತ ಶಿಲೆ ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತದೆ. ಅಂದರೆ ಬಹುಪಾಲು ಕರಗುವುದು ಫಲಕವಲ್ಲ, ಅದರ ಮೇಲಿನ ಮ್ಯಾಂಟಲ್. ಸರಪಳಿ ಹೀಗಾಯಿತು:

ಸಾಗರ ಫಲಕ —(ಬಾಗಿ ಇಳಿಯುವುದು)→ ಕಂದಕ —(ಸುಮಾರು 100 ಕಿ.ಮೀ. ಆಳದವರೆಗೆ ನೀರು ಬಿಡುವುದು)→ ಶಿಲಾಪಾಕ —(ಹಗುರವಾಗಿ ಮೇಲೇರುವುದು)→ ಜ್ವಾಲಾಮುಖಿ ದ್ವೀಪಗಳ ಸಾಲು

ಮರಿಯಾನಾ ಕಂದಕವನ್ನು ಎರಡನೆಯ ಕೊಂಡಿಯ ಕೆಳಗೂ, ಮರಿಯಾನಾ ದ್ವೀಪಗಳನ್ನು ಕೊನೆಯದರ ಕೆಳಗೂ ಬರೆದೆ. ಹಿಮಾಲಯದಲ್ಲಿ ಜ್ವಾಲಾಮುಖಿಗಳ ಸಾಲು ಏಕಿಲ್ಲ ಎಂಬ ಪ್ರಶ್ನೆಗೂ ಇದೇ ಸರಪಳಿ ಉತ್ತರಿಸುತ್ತದೆ: ಡಿಕ್ಕಿಯಾದ ಎರಡೂ ಫಲಕಗಳ ಅಂಚಿನಲ್ಲಿ ಹಗುರವಾದ ಖಂಡದ ಚಿಪ್ಪಿರುವುದರಿಂದ ಅಲ್ಲಿ ಸಾಗರತಳ ಇಳಿಯುವುದು ನಿಂತಿದೆ, ಚಿಪ್ಪು ಮಡಿಚಿ, ದಪ್ಪವಾಗಿ, ಶಿಲೆಗಳು ರೂಪಾಂತರಗೊಂಡಿವೆ.

ಶಿಲಾಚಕ್ರಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಲಿಲ್ಲ, ಕೋಣೆಯ ನೆಲದಲ್ಲೇ ಶಹಾಬಾದ್ ಫರಸಿ ಹಾಸಿತ್ತು. ಸುಣ್ಣದ ಕೆಸರು ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು, ಹಾಗಾಗಿಯೇ ಚಪ್ಪಟೆಯಾಗಿ ಸೀಳುತ್ತದೆ. "ತೀವ್ರ ಶಾಖ, ಒತ್ತಡ" ಎಂಬ ಮುಂದಿನ ಬಾಣವನ್ನು ಅದು ದಾಟಿಲ್ಲವಾದ್ದರಿಂದ ಅಮೃತಶಿಲೆಯಾಗಿಲ್ಲ. ಬೀದರಿನ ಜಂಬಿಟ್ಟಿಗೆಯದು ಇನ್ನೊಂದು ಕವಲು: ದಖನ್ ಲಾವಾ ತಣಿದು ಆದ ಬಸಾಲ್ಟ್ ಬಿಸಿಲು ಮಳೆಗಳಿಗೆ ಶಿಥಿಲವಾಗಿ, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿದುಕೊಂಡ ಕೆಂಪು ಕಲ್ಲು.

ಆ ಬಸಾಲ್ಟನ್ನೇ ನಾನು ಮೊದಲು ಫಲಕಗಳು ದೂರ ಸರಿಯುವ ಅಂಚಿನ ಕೆಳಗೆ, ಐಸ್‌ಲ್ಯಾಂಡಿನ ಪಕ್ಕದಲ್ಲಿ ಬರೆದಿದ್ದೆ. ಆದರೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಲಾವಾವನ್ನು ಸಾಮಾನ್ಯವಾಗಿ ರಿಯೂನಿಯನ್ ತಪ್ತಬಿಂದುವಿಗೆ, ಅಂದರೆ ಆಳದಿಂದ ಬಿಸಿ ಶಿಲೆ ಮೇಲೇರುವ ತಾಣಕ್ಕೆ ಜೋಡಿಸುತ್ತಾರೆ, ಫಲಕದ ಅಂಚಿಗಲ್ಲ. ಅದನ್ನು ಹೊಡೆದುಹಾಕಿ, ಹಾಳೆಯ ಮೂಲೆಯಲ್ಲಿ ಬೇರೆಯೇ ಚೌಕ ಎಳೆದು "ಅಂಚಿಲ್ಲದ ಅಗ್ನಿಶಿಲೆ" ಎಂದು ಹೆಸರಿಟ್ಟೆ.